ಅಪ್ಪನ ಐವತ್ತು ಮೀಟರ್

ಸುಟ್ಟುಹೋದದ್ದು ಎಷ್ಟು ಅಂತ ಕೇಳಿದರೆ ಹೆಕ್ಟೇರಿನಲ್ಲಿ ಹತ್ತನೇ ಒಂದು ಪಾಲು, ಸಾವಿರ ಚದರ ಮೀಟರ್. ಅಷ್ಟೇ ತಾನೇ ಅನ್ನಬೇಡಿ. ಆ ಸಾವಿರ ಚದರ ಮೀಟರಿನಲ್ಲಿ ನಿಂತಿದ್ದ ಮೆಕ್ಕೆಜೋಳದ ತಾಯಿ ತಳಿಯನ್ನು ಕೃಷಿ ಶಾಲೆಯ ತಳಿ ಮೇಡಂ ಎಂಟು ವರ್ಷ ಕೂಡಿಸಿ, ಆರಿಸಿ, ಬಿಸಾಡಿ, ಮತ್ತೆ ಆರಿಸಿ ಉಳಿಸಿಕೊಂಡಿದ್ದರು. ಕೈಯಲ್ಲಿದ್ದ ಬೀಜವನ್ನೆಲ್ಲ ಈ ಸಲ ಅಲ್ಲಿಗೇ ಬಿತ್ತಿದ್ದರು. ಕಳೆನಾಶಕ ಹೊಡೆದ ಆರನೇ ದಿನಕ್ಕೆ ಎಲೆಯ ಅಂಚು ಬಿಳುಚಿಕೊಂಡಿತು. ಎಂಟನೇ ದಿನಕ್ಕೆ ಸುಳಿಯೇ ಕೊಳೆತು, ಹಿಡಿದು ಎಳೆದರೆ ಕೈಗೆ ಬರುತ್ತಿತ್ತು. ತಳಿ ಮೇಡಂ ಬದುವಿನ ಮೇಲೆ ಕೂತು ಒಂದೊಂದೇ ಸುಳಿ ಎಳೆದು ನೋಡುತ್ತಿದ್ದರು. ಬಯ್ಯಲೂ ಇಲ್ಲ, ಅಳಲೂ ಇಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಔಷಧಿ ಹೊಡೆದವನು ಅಪ್ಪ. ಲೆಕ್ಕ ಹಾಕಿ, ಅಳೆದು, ಟ್ಯಾಂಕಿಗೆ ಸುರಿದುಕೊಟ್ಟವಳು ಮಗಳು.

ಅಪ್ಪ ಆ ಶಾಲೆಯ ಹೊಲದಲ್ಲಿ ಮೂವತ್ತೊಂದು ವರ್ಷ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ನಡೆದವನು. ಅವನಿಗೆ ಎಲ್ಲರೂ ಇಟ್ಟ ಹೆಸರು ಗಡಿಯಾರ. ಬಲಗೈಯಲ್ಲಿ ಸಿಂಪಡಿಸುವ ಕೋಲು, ಎಡಗೈಯಲ್ಲಿ ಪಂಪಿನ ಹಿಡಿಕೆ, ಎರಡು ಹೆಜ್ಜೆಗೆ ಒಂದು ಒತ್ತು. ಬೆಳಗ್ಗೆ ಹೇಗೋ ಮಧ್ಯಾಹ್ನವೂ ಹಾಗೇ. ಮಗಳು ಅದೇ ಶಾಲೆಯಲ್ಲಿ ಓದಿ, ಅಲ್ಲೇ ಸಸ್ಯ ಸಂರಕ್ಷಣೆಯ ಪ್ರಾಯೋಗಿಕ ತರಗತಿಗೆ ಮೇಡಂ ಆಗಿ ಎರಡು ವರ್ಷವಾಗಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ಆದರೂ ಅಪ್ಪ ಅವಳನ್ನು ಹೊಲದಲ್ಲಿ ಎಲ್ಲರ ಎದುರು ಮೇಡಂ ಅಂತಲೇ ಕರೆಯುತ್ತಿದ್ದ, ಕರೆದು ತಾನೇ ಮೀಸೆಯಡಿ ನಗುತ್ತಿದ್ದ.

ತರಗತಿಯಲ್ಲಿ ಅವಳು ಮೊದಲ ದಿನ ಹೇಳಿಕೊಡುವುದು ಒಂದೇ ಪಾಠ. ಹೊಲಕ್ಕೆ ಎಷ್ಟು ಔಷಧಿ ಬೀಳುತ್ತದೆ ಅನ್ನುವುದನ್ನು ಬಾಟಲಿಯ ಮೇಲಿನ ಚೀಟಿಯೊಂದೇ ತೀರ್ಮಾನ ಮಾಡುವುದಿಲ್ಲ, ಹೊಡೆಯುವವನ ಕಾಲೂ ಮಾಡುತ್ತದೆ. ಕೋಲಿನ ತುದಿಯ ನಾಜಲಿನಿಂದ ನಿಮಿಷಕ್ಕೆ ಎಷ್ಟು ನೀರು ಬರುತ್ತದೆ ಅಂತ ಜಾಡಿಯಲ್ಲಿ ಹಿಡಿದು ಅಳೆಯಬೇಕು. ಎಷ್ಟು ಅಗಲಕ್ಕೆ ಬೀಳುತ್ತದೆ ನೋಡಬೇಕು. ಆಮೇಲೆ ಎರಡು ಗೂಟ ನೆಟ್ಟು, ಟ್ಯಾಂಕಿಗೆ ಬರೀ ನೀರು ತುಂಬಿ, ಐವತ್ತು ಮೀಟರ್ ನಡೆಸಬೇಕು. ಯಾರು ಹೊಲಕ್ಕೆ ಇಳಿಯುತ್ತಾರೋ ಅವರೇ ನಡೆಯಬೇಕು. ಮೂರು ಸಲ ನಡೆದು ಸರಾಸರಿ ಹಿಡಿಯಬೇಕು. ಇದನ್ನು ಅವಳು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದಳು.

ಈ ವರ್ಷ ಅವಳೇ ಅದನ್ನು ಗಾಳಿಗೆ ತೂರಿದಳು.

ಅಪ್ಪನ ಮಂಡಿ ಹೋದ ಚಳಿಗಾಲದಿಂದ ಕೆಟ್ಟಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದ, ಯಾರಾದರೂ ನೋಡಿದರೆ ಕೈ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ. ಪ್ರಿನ್ಸಿಪಾಲರು ಎರಡು ಸಲ ಅವಳ ಹತ್ತಿರವೇ ಕೇಳಿದ್ದರು, ನಿಮ್ಮ ತಂದೆ ಇನ್ನೂ ಟ್ಯಾಂಕು ಹೊರುತ್ತಾರಾ ಅಂತ. ಸಹಜವಾಗಿ ಕೇಳಿದ್ದರೋ ಏನೋ. ಇವಳ ಎದೆಗೆ ಮಾತ್ರ ಚುಚ್ಚಿತು. ಈ ನಡಿಗೆಯ ಅಳತೆ ಬರೆದಿಡುವ ಕ್ಯಾಲಿಬ್ರೇಷನ್ ಪುಸ್ತಕ ತಿಂಗಳಿಗೊಮ್ಮೆ ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ. ಅದರಲ್ಲಿ ಅಪ್ಪನ ಹೆಸರು, ಹೆಸರಿನ ಪಕ್ಕ ತೊಂಬತ್ತೋ ನೂರೋ ಸೆಕೆಂಡು ಅಂತ ಬಿದ್ದರೆ, ಮಾರನೇ ದಿನವೇ ಮುದುಕನನ್ನು ಮನೆಗೆ ಕಳಿಸುತ್ತಾರೆ ಅಂತ ಅವಳು ತಾನೇ ತೀರ್ಮಾನ ಮಾಡಿಕೊಂಡಳು. ಟ್ಯಾಂಕು ಇಳಿಸಿದ ದಿನ ಅಪ್ಪ ಅರ್ಧ ಸತ್ತ ಹಾಗೆ ಅಂತ ಅವಳಿಗೆ ಗೊತ್ತಿತ್ತು.

ಹಾಗಾಗಿ ಈ ಸಲ ಅವಳು ಅಪ್ಪನನ್ನು ಗೂಟದ ಹತ್ತಿರ ಕರೆಯಲೇ ಇಲ್ಲ. ತರಗತಿಯಲ್ಲಿ ಒಬ್ಬಳು ಗಟ್ಟಿಗಿತ್ತಿ ವಿದ್ಯಾರ್ಥಿನಿ ಟ್ಯಾಂಕು ಹೊತ್ತು ಸರಿಯಾಗಿ ಅರವತ್ತು ಸೆಕೆಂಡಿಗೆ ಐವತ್ತು ಮೀಟರ್ ನಡೆದಿದ್ದಳು. ಮೂರು ಸಲವೂ ಅಷ್ಟೇ ಬಂತು. ಮಗಳು ಆ ಅರವತ್ತನ್ನೇ ಪುಸ್ತಕಕ್ಕೆ ಇಳಿಸಿ, ನಡೆದವರು ಅನ್ನುವ ಜಾಗದಲ್ಲಿ ಅಪ್ಪನ ಹೆಸರು ಬರೆದಳು. ಹಿಂದಿನ ವರ್ಷಗಳಲ್ಲೆಲ್ಲ ಅವನದು ಅರವತ್ತೇ ತಾನೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಉಳಿದ ಲೆಕ್ಕದಲ್ಲಿ ಒಂದು ಸೊನ್ನೆಯೂ ತಪ್ಪಿರಲಿಲ್ಲ. ನಾಜಲಿನಿಂದ ನಿಮಿಷಕ್ಕೆ ಒಂಬೈನೂರು ಮಿಲಿಲೀಟರ್, ಸಿಂಪಡಣೆಯ ಅಗಲ ಅರವತ್ತು ಸೆಂಟಿಮೀಟರ್. ನಿಮಿಷಕ್ಕೆ ಐವತ್ತು ಮೀಟರ್ ನಡೆದರೆ ಮೂವತ್ತು ಚದರ ಮೀಟರ್ ನೆನೆಯುತ್ತದೆ, ಅಂದರೆ ಹೆಕ್ಟೇರಿಗೆ ಮುನ್ನೂರು ಲೀಟರ್ ನೀರು. ಶಿಫಾರಸು ಇದ್ದದ್ದು ಹೆಕ್ಟೇರಿಗೆ ಒಂದು ಕಿಲೋ ಮೂಲ ವಿಷ. ಬಾಟಲಿಯಲ್ಲಿ ಇದ್ದದ್ದು ಶೇಕಡಾ ಐವತ್ತರ ದ್ರಾವಣ, ಲೀಟರಿಗೆ ಅರ್ಧ ಕಿಲೋ. ಹಾಗಾಗಿ ಹೆಕ್ಟೇರಿಗೆ ಎರಡು ಲೀಟರ್ ಬಾಟಲಿ ಔಷಧಿ. ಸಾವಿರ ಚದರ ಮೀಟರಿನ ಆ ಮಡಿಗೆ ಇನ್ನೂರು ಮಿಲಿಲೀಟರ್, ನೀರು ಮೂವತ್ತು ಲೀಟರ್. ಹದಿನೈದು ಲೀಟರಿನ ಎರಡು ಟ್ಯಾಂಕು, ಟ್ಯಾಂಕಿಗೆ ನೂರು ಮಿಲಿಲೀಟರ್. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರಾ ಅಂಕ.

ಆ ದಿನ ಅಪ್ಪ ಎರಡು ಟ್ಯಾಂಕು ಮುಗಿಸಿ ವಾಪಸು ಬಂದ. ಮುಖಕ್ಕೆ ಕಟ್ಟಿದ ಬಟ್ಟೆ ಕೆಳಗೆ ಎಳೆದು, ಇನ್ನೂ ಮೂರನೇ ಒಂದು ಪಾಲು ಉಳಿದಿದೆ ಅಂದ. ಅಂದವನು ಅಲ್ಲೇ ನಿಂತ. ಎರಡು ಟ್ಯಾಂಕಿಗೆ ಮುಗಿಯಬೇಕಾದ ಹೊಲ ಮುಗಿದಿಲ್ಲ ಅಂದರೆ ಹೊಡೆದ ಕಡೆಯೆಲ್ಲ ಒಂದೂವರೆ ಪಾಲು ಬಿದ್ದಿದೆ ಅಂತ ಅರ್ಥ. ಇದು ಅವಳಿಗೆ ನಿದ್ದೆಗಣ್ಣಲ್ಲೂ ಗೊತ್ತು. ನಿಲ್ಲಿಸು ಅಪ್ಪ ಅನ್ನಬೇಕಿತ್ತು. ತಳಿ ಮೇಡಂ ಹತ್ತಿರ ಓಡಬೇಕಿತ್ತು. ಆದರೆ ಓಡಿದರೆ ಪುಸ್ತಕ ತೆರೆಯುತ್ತಾರೆ, ತೆರೆದರೆ ಸುಳ್ಳು ಕಾಣುತ್ತದೆ. ನಾಜಲ್ ಸ್ವಲ್ಪ ಸೋರಿರಬೇಕು ಅಂತ ಗೊಣಗಿ, ಅಳತೆಯ ಜಾಡಿಗೆ ಮತ್ತೆ ನೂರು ಸುರಿದಳು. ನೀರಿಗೆ ಬಿದ್ದದ್ದೇ ತಡ ಔಷಧಿ ಹಾಲಿನಂತೆ ಬೆಳ್ಳಗಾಯಿತು. ಅಪ್ಪ ಏನೂ ಕೇಳದೆ ಟ್ಯಾಂಕು ಎತ್ತಿಕೊಂಡ.

ಅಪ್ಪ ಕೇಳಿದ್ದು ಸುಳಿ ಕೊಳೆತ ಮೇಲೆ. ಪ್ರಿನ್ಸಿಪಾಲರು ಕರೆದಿದ್ದ ವಿಚಾರಣೆಯ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಮಂಡಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕೂತಿದ್ದ. ಅರವತ್ತು ನಡೆದದ್ದು ಯಾರು ಅಂತ ಮಾತ್ರ ಕೇಳಿದ. ಮಗಳು ಹೇಳಿದಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು, ನಾಳೆ ಹೋಗಿ ಒಪ್ಪಿಕೊಳ್ಳುತ್ತೇನೆ ಅಂದಳು. ಅಪ್ಪ ಮಂಡಿಯ ಬಟ್ಟೆ ಬಿಚ್ಚಿ ಹಿಂಡಿದ. ಕೋಪ ಬಂದಿತ್ತೋ ಇಲ್ಲವೋ, ಅವನ ಮುಖ ನೋಡಿ ಹೇಳುವುದು ಎಂದೂ ಸುಲಭವಾಗಿರಲಿಲ್ಲ.

"ನಾಳೆ ನೀನು ಬಾಯಿ ಬಿಡಬೇಡ," ಅಂದ. "ನಾನು ಹೇಗೂ ಇಳಿಯೋ ಹೊತ್ತು. ನೀನು ಈಗ ಹತ್ತುತ್ತಾ ಇದೀಯ. ಬಾಯಿ ಬಿಟ್ಟರೆ ನನ್ನ ಮೇಲಾಣೆ."

ಆಣೆ ಹಾಕಿಬಿಟ್ಟ. ಮಗಳಿಗೆ ಒಳಗೊಳಗೇ ಎಂಥದೋ ನಿರಾಳವಾಯಿತು, ಅದೇ ಅವಳಿಗೆ ಆಮೇಲೆ ಅಸಹ್ಯವಾದದ್ದು. ವಿಚಾರಣೆಯಲ್ಲಿ ಅಪ್ಪನನ್ನು ಮತ್ತೆ ನಡೆಸುತ್ತಾರೆ ಅಂತ ಚೀಟಿ ಬಂದಿತ್ತು. ನಡೆಸಿದರೆ ತೊಂಬತ್ತು ಸೆಕೆಂಡು ಬರುತ್ತದೆ. ಮೂರು ಟ್ಯಾಂಕಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಅವಳು ಆಗಲೇ ಕಂಡುಕೊಂಡಿದ್ದಳು. ತೊಂಬತ್ತು ಬಂದರೆ ಪುಸ್ತಕದ ಅರವತ್ತು ಸುಳ್ಳು ಅಂತ ಯಾರಿಗಾದರೂ ತಿಳಿಯುತ್ತದೆ. ಅಪ್ಪನ ಕಾಲೇ ನಿಜ ಹೇಳಿಬಿಡಲಿ, ತಾನು ಆಣೆ ಮುರಿಯುವ ಪ್ರಮೇಯ ಬರುವುದಿಲ್ಲ ಅಂದುಕೊಂಡಳು. ಹೇಡಿಯ ಲೆಕ್ಕ ಅದು.

ಮಾರನೇ ಬೆಳಗ್ಗೆ ಗೋದಾಮಿನ ಹಿಂದಿನ ಬಯಲಿನಲ್ಲಿ ಎರಡು ಗೂಟ ನೆಟ್ಟರು. ಪ್ರಿನ್ಸಿಪಾಲರು ಕುರ್ಚಿ ತರಿಸಿಕೊಂಡಿದ್ದರು, ತಳಿ ಮೇಡಂ ಕುರ್ಚಿ ಬೇಡ ಅಂತ ನಿಂತೇ ಇದ್ದರು. ಎಂಟು ದಿನದಲ್ಲಿ ಅವರ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಮೇಜಿನ ಮೇಲೆ ಎರಡು ಪುಸ್ತಕ ತೆರೆದಿತ್ತು, ಒಂದು ಕ್ಯಾಲಿಬ್ರೇಷನ್ನಿನದು, ಇನ್ನೊಂದು ಗೋದಾಮಿನಿಂದ ಔಷಧಿ ತೆಗೆದದ್ದರದು. ಒಂದರಲ್ಲಿ ಎರಡು ಟ್ಯಾಂಕು ಸಾಕು ಅಂತ ಇತ್ತು, ಇನ್ನೊಂದರಲ್ಲಿ ಮೂರು ಟ್ಯಾಂಕಿನ ಔಷಧಿ ಹೋಗಿತ್ತು. ಪ್ರಿನ್ಸಿಪಾಲರು ಕೆಟ್ಟವರಲ್ಲ, ಆದರೆ ಒಂದು ಗೆರೆ ಹಿಡಿದರೆ ಬಿಡದ ಮನುಷ್ಯ. ಅವರ ಮಾತು ಇಷ್ಟೇ. ಕಾಲಿಗೆ ಆಗುವುದಿಲ್ಲ ಅಂತಾದರೆ ಪುಸ್ತಕದ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡಬೇಕು. ಕಾಲಿಗೆ ಆಗುತ್ತದೆ ಅಂತಾದರೆ, ನೋಡುವವರಿದ್ದಾಗ ನಡೆದು, ಇಲ್ಲದಾಗ ಹೊಲದಲ್ಲಿ ಮೈಗಳ್ಳತನ ಮಾಡಿದ್ದಾರೆ ಅಂತ ಅರ್ಥ. ಮೈಗಳ್ಳತನವಾದರೆ ಇವತ್ತೇ ಕೆಲಸದಿಂದ ತೆಗೆಯುವುದು, ತೆಗೆದ ಕಾರಣವನ್ನೂ ಬರೆಯುವುದು.

ಸ್ಟಾಪ್‌ವಾಚು ಮಗಳ ಕೈಗೇ ಕೊಟ್ಟರು. ಆ ಶಾಲೆಯಲ್ಲಿ ಅದು ಅವಳ ಕೆಲಸ.

ಅಪ್ಪ ಟ್ಯಾಂಕಿಗೆ ಗುರುತಿನವರೆಗೆ ನೀರು ತುಂಬಿಸಿಕೊಂಡು, ಪಟ್ಟಿ ಬಿಗಿದು, ಮೊದಲೇ ಹಿಡಿಕೆ ಒತ್ತಿ ಒತ್ತಡ ತಂದುಕೊಂಡ. ಗೂಟಕ್ಕಿಂತ ನಾಲ್ಕು ಹೆಜ್ಜೆ ಹಿಂದೆ ನಿಂತ, ನಡಿಗೆ ಕುದುರಲಿ ಅಂತ ಹಾಗೆ ನಿಲ್ಲಬೇಕು, ಅದೂ ನಿಯಮವೇ. ಮಗಳ ಕಡೆ ನೋಡಲಿಲ್ಲ. ಹೊರಟ.

ಗೂಟ ದಾಟಿದಾಗ ಅವಳು ವಾಚು ಒತ್ತಿದಳು. ಒತ್ತಿ ತಲೆ ಎತ್ತಿದರೆ, ನಡೆಯುತ್ತಿದ್ದವನು ಹತ್ತು ವರ್ಷದ ಹಿಂದಿನ ಅಪ್ಪ. ನೆಟ್ಟಗೆ ಬೆನ್ನು, ಎರಡು ಹೆಜ್ಜೆಗೆ ಒಂದು ಒತ್ತು, ನಾಜಲ್ ನೆಲದಿಂದ ಒಂದೇ ಎತ್ತರದಲ್ಲಿ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಧ ದಾರಿ ಮುಗಿಯುವಾಗ ವಾಚು ಮೂವತ್ತು ತೋರಿಸಿತು, ಆಗ ಅರ್ಥವಾಯಿತು. ಇವನು ಅರವತ್ತಕ್ಕೆ ನಡೆಯುತ್ತಿದ್ದಾನೆ. ಪುಸ್ತಕದ ಅರವತ್ತನ್ನು ನಿಜ ಮಾಡುತ್ತಿದ್ದಾನೆ. ಮಗಳ ಸುಳ್ಳು ನಿಲ್ಲಲಿ, ಮೈಗಳ್ಳ ಅನ್ನುವ ಹೆಸರು ತನಗೆ ಅಂಟಲಿ ಅಂತ ಹಲ್ಲು ಕಚ್ಚಿ ನಡೆಯುತ್ತಿದ್ದಾನೆ.

ಎರಡನೇ ಗೂಟದ ಹತ್ತಿರ ಅವನ ಬಲಗಾಲು ಒಮ್ಮೆ ಮಡಚಿತು, ಬೀಳಲಿಲ್ಲ. ಅರವತ್ತೊಂದು.

"ಬರುತ್ತಲ್ಲ," ಅಂದರು ಪ್ರಿನ್ಸಿಪಾಲರು, ಬೇಸರದಿಂದಲೇ. ಮನಸ್ಸಿದ್ದರೆ ಬರುತ್ತದೆ ಅಂತ ಸೇರಿಸಿದರು. ಅಪ್ಪ ಗೂಟ ಹಿಡಿದು ಉಸಿರು ಎಳೆದುಕೊಳ್ಳುತ್ತ, ಹೌದು ಸಾರ್, ಅವತ್ತು ಸೋಮಾರಿತನ ಮಾಡಿದೆ ಅಂದ. ಮೂವತ್ತೊಂದು ವರ್ಷದಲ್ಲಿ ಅವನು ಆ ಶಾಲೆಯಲ್ಲಿ ಹೇಳಿದ ಮೊದಲ ಸುಳ್ಳು ಅದು ಅಂತ ಮಗಳು ಯಾರ ಮುಂದೆ ಬೇಕಾದರೂ ಹೇಳುತ್ತಾಳೆ.

ತಳಿ ಮೇಡಂ ಮಾತ್ರ ಅವನ ಕಾಲನ್ನೇ ನೋಡುತ್ತಿದ್ದರು. ಪುಸ್ತಕದಲ್ಲಿ ಮೂರು ಸಲ ಅಂತ ಇದೆ, ಮೂರು ಸಲ ನಡೆಯಲಿ ಅಂದರು.

ಮತ್ತೆ ನೀರು ತುಂಬಿದರು. ಮಗಳು ವಾಚನ್ನು ಮತ್ತೆ ಸೊನ್ನೆಗೆ ತಂದಳು. ಆಣೆ, ಆಣೆ ಅಂತ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಪ್ಪ ಎರಡನೇ ಸಲ ಹೊರಟ. ಈ ಸಲ ಬೆನ್ನು ಬಾಗಿತ್ತು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಆದರೂ ಕೈ ಮಾತ್ರ ತಾಳ ತಪ್ಪಲಿಲ್ಲ. ಮೂವತ್ತು ಮೀಟರಿನಲ್ಲಿ ಒಂದು ಸಣ್ಣ ಸದ್ದು ಅವನ ಗಂಟಲಿನಿಂದ ಬಂತು. ಅವನು ಅದನ್ನು ಕೆಮ್ಮಿನಲ್ಲಿ ಮುಚ್ಚಿದ. ಅರವತ್ತಾರು. ಗೂಟ ದಾಟಿದವನು ನಿಲ್ಲಲಾರದೆ ಮಂಡಿಯೂರಿದ, ಊರಿದವನು ನೆಲ ಒತ್ತಿ ಏಳಲು ನೋಡಿದ. ಬೆನ್ನ ಮೇಲಿನ ಟ್ಯಾಂಕು ಅವನನ್ನು ಒಂದು ಕಡೆಗೆ ಎಳೆಯಿತು. ನೀರು ತುಂಬಿಸಿ, ಇನ್ನೊಂದೇ ತಾನೇ ಅಂದ.

ಮಗಳು ಓಡಿದಳು. ಓಡಿ ಅವನ ಎದೆಯ ಪಟ್ಟಿಗೆ ಕೈ ಹಾಕಿದಳು. ಅಪ್ಪ ಅವಳ ಕೈ ಒದರಿದ, ಹೋಗು, ನಿನ್ನ ಜಾಗದಲ್ಲಿ ನಿಂತುಕೋ ಅಂತ ಹಲ್ಲು ಕಚ್ಚಿ ಹೇಳಿದ. ಅವಳು ಬಿಡಲಿಲ್ಲ. ಕೊಂಡಿ ಬಿಚ್ಚಿ ಟ್ಯಾಂಕು ನೆಲಕ್ಕೆ ಇಳಿಸಿ, ಅಲ್ಲಿಂದಲೇ ಮೇಜಿನ ಕಡೆ ತಿರುಗಿದಳು.

"ಇವರನ್ನ ಇನ್ನು ನಡೆಸಬೇಡಿ. ಪುಸ್ತಕದಲ್ಲಿರೋ ಅರವತ್ತು ಅಪ್ಪನದಲ್ಲ. ಅವರನ್ನ ನಾನು ನಡೆಸಲೇ ಇಲ್ಲ. ವಿದ್ಯಾರ್ಥಿನಿ ನಡೆದದ್ದಕ್ಕೆ ಅವರ ಹೆಸರು ಬರೆದೆ. ಮೂರನೇ ಟ್ಯಾಂಕು ಕೇಳೋಕೆ ಬಂದಾಗ ತಪ್ಪಾಗಿದೆ ಅಂತ ನನಗೆ ಗೊತ್ತಾಯ್ತು. ಗೊತ್ತಾಗೇ ನೂರು ಸುರಿದುಕೊಟ್ಟೆ."

ಅಪ್ಪ ನೆಲದ ಮೇಲೆ ಕೂತಲ್ಲಿಂದಲೇ, ಅವಳ ಮಾತು ಕೇಳಬೇಡಿ ಸಾರ್, ಹೆಣ್ಣುಮಗಳು, ನನ್ನ ಮೇಲಿನ ಮಮತೆಗೆ ಹೇಳುತ್ತಾಳೆ, ವಾಚು ನೋಡಿ, ವಾಚು ಸುಳ್ಳು ಹೇಳುತ್ತದಾ ಅಂತ ಗೋಗರೆದ. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದು ನಿಂತರು, ಪುಸ್ತಕವನ್ನು ಮುಚ್ಚಿದರು, ಮತ್ತೆ ತೆರೆದರು. ಕೊನೆಗೆ, ಸುಳ್ಳು ದಾಖಲೆ ಬರೆದವರು ಇವತ್ತಿನಿಂದ ತರಗತಿ ತೆಗೆದುಕೊಳ್ಳುವ ಹಾಗಿಲ್ಲ, ಮುಂದಿನದು ಆಮೇಲೆ ಅಂದರು. ಮಗಳು ತಲೆಯಾಡಿಸಿದಳು. ಅದು ಅವಳಿಗೆ ಅನಿರೀಕ್ಷಿತವೇನಲ್ಲ.

ತಳಿ ಮೇಡಂ ನಿಧಾನಕ್ಕೆ ನಡೆದು ಬಂದರು. ಬಯ್ಯುತ್ತಾರೆ ಅಂತ ಮಗಳು ಕಾದಳು. ಅವರು ಬಯ್ಯಲಿಲ್ಲ. ನಿಮ್ಮ ತಂದೆಯ ನಿಜವಾದ ನಡಿಗೆ ಎಷ್ಟು ಅಂತ ಕೇಳಿದರು. ತೊಂಬತ್ತು ಸೆಕೆಂಡು ಅಂತ ಮಗಳು ಹೇಳಿದಳು.

"ಹಾಗಾದ್ರೆ ಲೆಕ್ಕ ಹೇಳಿ," ಅಂದರು ತಳಿ ಮೇಡಂ. "ತೊಂಬತ್ತು ಸೆಕೆಂಡಿಗೆ ನಡೆಯೋರಿಗೆ ಟ್ಯಾಂಕಿಗೆ ಎಷ್ಟು ಹಾಕಬೇಕಿತ್ತು?"

ಇಷ್ಟು ದಿನ ಅವಳು ಹಿಂದಕ್ಕೇ ಲೆಕ್ಕ ಹಾಕುತ್ತಿದ್ದಳು, ಎಷ್ಟು ಹೆಚ್ಚು ಬಿತ್ತು, ಯಾರಿಗೆ ಗೊತ್ತಾಗುತ್ತದೆ ಅಂತ. ಮುಂದಕ್ಕೆ ಹಾಕಿರಲೇ ಇಲ್ಲ. ಈಗ ಬಾಯಿ ತನ್ನಷ್ಟಕ್ಕೆ ತಾನೇ ಪಾಠ ಒಪ್ಪಿಸಿತು. ನಿಮಿಷಕ್ಕೆ ಮೂವತ್ಮೂರು ಮೀಟರ್ ಚಿಲ್ಲರೆ, ಇಪ್ಪತ್ತು ಚದರ ಮೀಟರ್. ಹೆಕ್ಟೇರಿಗೆ ನಾನೂರ ಐವತ್ತು ಲೀಟರ್ ನೀರು. ಔಷಧಿ ಅದೇ ಎರಡು ಲೀಟರ್. ಆ ಮಡಿಗೆ ನಲವತ್ತೈದು ಲೀಟರ್ ನೀರು, ಮೂರು ಟ್ಯಾಂಕು. ಇನ್ನೂರನ್ನು ಮೂರು ಪಾಲು ಮಾಡಿದರೆ—

"ಅರವತ್ತೇಳು," ಅಂದಳು. "ಟ್ಯಾಂಕಿಗೆ ಅರವತ್ತೇಳು ಮಿಲಿಲೀಟರ್."

"ಮೂರನೇ ಟ್ಯಾಂಕಿಗಾದರೂ ಅಷ್ಟು ಹಾಕಿದ್ದರೆ ನನಗೆ ಒಂದು ಮೂಲೆ ಉಳೀತಿತ್ತು," ಅಂದರು ತಳಿ ಮೇಡಂ. ಆಮೇಲೆ ಅವರು ಸುಟ್ಟ ಮಡಿಯ ಕಡೆಗೆ ಹೊರಟುಹೋದರು.

ಪ್ರಿನ್ಸಿಪಾಲರೂ ಪುಸ್ತಕ ಎತ್ತಿಕೊಂಡು ಹೋದರು. ಹೋಗುವ ಮುಂಚೆ ಒಂದು ಮಾತು ಹೇಳಿದರು. ನಿಧಾನಕ್ಕೆ ನಡೆಯುವವರನ್ನು ತೆಗೆಯಬೇಕು ಅಂತ ಈ ಶಾಲೆಯಲ್ಲಿ ಯಾವ ನಿಯಮವೂ ಇರಲಿಲ್ಲ, ನೀವೇ ಕೇಳಬಹುದಿತ್ತು ಅಂದರು. ಬಯಲಿನಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು. ಅವಳು ಅವನ ಮಂಡಿ ಮುಟ್ಟಲು ಹೋದಳು. ಅವನು ಕಾಲು ಆಚೆ ಎಳೆದುಕೊಂಡ.

"ಅರವತ್ತೇಳು," ಅಂದ. ಮತ್ತೊಮ್ಮೆ ತನಗೆ ತಾನೇ ಅಂದುಕೊಂಡ. ಜಾಡಿಯಲ್ಲಿ ಅದು ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ಮೂವತ್ತೊಂದು ವರ್ಷ ಅಳೆಯುವುದನ್ನು ನೋಡಿದವನಿಗೆ ಬೇರೆ ಹೇಳಬೇಕಿರಲಿಲ್ಲ.

"ಅಷ್ಟೇನಾ ಮಗಳೇ? ಮೂರು ಬೆರಳಷ್ಟು ಕಮ್ಮಿ ಹಾಕಿದ್ದರೆ ನನ್ನ ಕಾಲಿಗೂ ಲೆಕ್ಕ ಇತ್ತಾ?"

ಇತ್ತು ಅಂದಳು ಮಗಳು.

"ಮತ್ತೆ ಯಾಕೆ ನನ್ನ ಮುಚ್ಚಿಟ್ಟೆ?"

ಅವಳು ಅವನನ್ನು ಎಬ್ಬಿಸಲು ಕೈ ಚಾಚಿದಳು. ಅಪ್ಪ ಗೂಟ ಹಿಡಿದು ಒಬ್ಬನೇ ಎದ್ದ, ಮನೆಯ ಕಡೆ ತನ್ನ ನಡಿಗೆಯಲ್ಲೇ ಹೊರಟ. ಅವಳು ಟ್ಯಾಂಕು ಎತ್ತಿಕೊಂಡು ಅವನ ಹಿಂದೆ ನಡೆದಳು, ಅವನನ್ನು ದಾಟದ ಹಾಗೆ.